ಆನ್‌ಲೈನ್ ಪರೀಕ್ಷೆಗೆ ತಂಗಿಯ ಮುಖ ಕ್ಯಾಮೆರಾದಲ್ಲಿ ಸರಿಯಾಗಿ ಕಾಣ್ತಿಲ್ಲ, ಕರೆಂಟ್ ಹೋದ್ರೆ ಏನು ಮಾಡೋದು?

ಗಂಗಾವತಿ ಮಂಜು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮನೆಯಲ್ಲೇ ಇದ್ದು ಆನ್‌ಲೈನ್ ಎಂಸಿಎ ಓದುತ್ತಿದ್ದಾಳೆ. ಬರುವ ಭಾನುವಾರ ಅವಳ ಸೆಮಿಸ್ಟರ್ ಪರೀಕ್ಷೆ, ಬೆಳಿಗ್ಗೆ 9ರಿಂದ 12. ಮೂರು ತಾಸೂ ಕ್ಯಾಮೆರಾ ಆನ್ ಇರಬೇಕು, ಆ ಕಡೆ ಒಬ್ಬರು ಕೂತು ನೋಡುತ್ತಿರುತ್ತಾರೆ. ನಿನ್ನೆ ಮಾಕ್ ಟೆಸ್ಟ್ ಬರೆದಳು. ಶುರುವಾಗಿ ಸ್ವಲ್ಪ ಹೊತ್ತಿಗೇ "Face not clearly visible" ಅಂತ ಪರದೆ ಮೇಲೆ ಬಂತು. ಸರಿ ಮಾಡಿಕೊಂಡು ಕೂತರೂ ಮತ್ತೆ ಮತ್ತೆ ಬಂತು. ನಿಜವಾದ ಪರೀಕ್ಷೆಯಲ್ಲಿ ಹೀಗಾದರೆ ಪೇಪರ್ ನಿಲ್ಲಿಸಿಬಿಡುತ್ತಾರೇನೋ ಅಂತ ಅವಳಿಗೆ ಭಯ.

ಕೋಣೆ ಹೀಗಿದೆ: ಟೇಬಲ್ ಪಶ್ಚಿಮದ ಗೋಡೆಗೆ ಹಚ್ಚಿ ಇದೆ. ಕಿಟಕಿ ಪೂರ್ವಕ್ಕೆ, ಅಂದರೆ ಅವಳ ಬೆನ್ನ ಹಿಂದೆ. ಟ್ಯೂಬ್‌ಲೈಟ್ ಕೂಡ ಆ ಕಿಟಕಿಯ ಮೇಲೆಯೇ ಇದೆ. ಲ್ಯಾಪ್‌ಟಾಪ್ ಹಳೆಯದು, ವಿಂಡೋಸ್ 11. ಬ್ಯಾಟರಿ ಒಂದು ತಾಸು ಬಂದರೆ ಹೆಚ್ಚು. ಮನೆಗೆ ಫೈಬರ್ ನೆಟ್ ಇದೆ.

ಹೊಸ ವೆಬ್‌ಕ್ಯಾಮ್ ತರಬೇಕಾ? ಕರೆಂಟ್ ಹೋದರೆ ಏನು ಮಾಡಬೇಕು? ನನ್ನ ಆಫೀಸ್ ಲ್ಯಾಪ್‌ಟಾಪ್ ಇದೆ, ಚಿಕ್ಕಪ್ಪನ ಮಗನದೂ ಒಂದಿದೆ. ಎರಡರಲ್ಲಿ ಯಾವುದನ್ನು ಪಕ್ಕಕ್ಕೆ ಇಟ್ಟುಕೊಳ್ಳಲಿ?

ಸಿರುಗುಪ್ಪ ಸ್ಟುಡಿಯೋ

ಮಂಜು, ಹೊಸ ಕ್ಯಾಮೆರಾ ಬೇಡ. ನಿಮ್ಮ ಕಷ್ಟ ಕಿಟಕಿಯದು. ಬೆನ್ನ ಹಿಂದೆ ಬೆಳಕಿದ್ದರೆ ಮುಖ ಕಪ್ಪಾಗೇ ಬರುತ್ತದೆ, ಮದುವೆ ಮನೆಯಲ್ಲಿ ದಿನಾ ನೋಡ್ತೀವಿ. ಒಂದು ರಿಂಗ್ ಲೈಟ್ ತಂದು ಲ್ಯಾಪ್‌ಟಾಪ್ ಹಿಂದೆಯೇ ನಿಲ್ಲಿಸಿ, ಫುಲ್ ಬ್ರೈಟ್ ಇಡಿ. ಇನ್ನೂ ಚೆಂದ ಬೇಕಂದ್ರೆ ಫೋನಿಗೆ ಡ್ರಾಯ್ಡ್‌ಕ್ಯಾಮ್ ಹಾಕಿ, ಅದನ್ನೇ ವೆಬ್‌ಕ್ಯಾಮ್ ಮಾಡಿಕೊಳ್ಳಿ. ಹಳೇ ಲ್ಯಾಪ್‌ಟಾಪ್ ಕ್ಯಾಮೆರಾಗಿಂತ ಫೋನ್ ಎಷ್ಟೋ ಮೇಲು.

ಲ್ಯಾಬ್ ಅಕ್ಕ, ರಾಯಚೂರು

ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಇಂಥ ಪರೀಕ್ಷೆಗಳಿಗೆ ಮಕ್ಕಳನ್ನು ಕೂರಿಸುವ ಕೆಲಸ ನನ್ನ ಪಾಲಿಗೇ ಬರುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಕಿಟಕಿ ಬಗ್ಗೆ ಸ್ಟುಡಿಯೋ ಅಣ್ಣ ಹೇಳಿದ್ದು ಸರಿ. ವೆಬ್‌ಕ್ಯಾಮ್ ಇಡೀ ಚಿತ್ರದ ಬೆಳಕನ್ನು ಅಳೆದು ತಾನೇ ಹೊಂದಿಸಿಕೊಳ್ಳುತ್ತದೆ. ಹಿಂದೆ ಕಿಟಕಿ ಧಗಧಗ ಅಂತಿದ್ದರೆ ಅದು ಚಿತ್ರವನ್ನೆಲ್ಲ ಕತ್ತಲಿಗೆ ಎಳೆಯುತ್ತದೆ. ಹುಡುಗಿಯ ಮುಖ ಬರೀ ನೆರಳಾಗಿ ಉಳಿಯುತ್ತದೆ. ಕಣ್ಣು ಮೂಗು ಗೊತ್ತಾಗದಿದ್ದರೆ ಸಾಫ್ಟ್‌ವೇರ್‌ಗೆ ಅಲ್ಲಿ ಮುಖ ಇದೆ ಅಂತಲೇ ತಿಳಿಯಲ್ಲ. ಮುಂದೆ ಎಷ್ಟೇ ಲೈಟ್ ಹಾಕಿದರೂ ಬೆಳಗಿನ ಬಿಸಿಲಿನ ಜೊತೆ ಅದು ಗೆಲ್ಲುವುದು ಕಷ್ಟ. ಟೇಬಲ್ ತಿರುಗಿಸುವುದು ಸುಲಭ, ದುಡ್ಡೂ ಖರ್ಚಾಗಲ್ಲ.

ಅವಳು ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ ಕೂರಲಿ. ಆಗ ಕಿಟಕಿ ಒಂದು ಪಕ್ಕಕ್ಕೆ ಬರುತ್ತದೆ. ನೇರವಾಗಿ ಕಿಟಕಿಗೆ ಮುಖ ಮಾಡಿ ಕೂರಿಸಬೇಡಿ. ಒಂಬತ್ತು ಗಂಟೆಗೆ ಪೂರ್ವದ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ಕಣ್ಣು ಕಿರಿದು ಮಾಡಿಕೊಂಡು ಮೂರು ತಾಸು ಓದೋಕಾಗಲ್ಲ. ಕಿಟಕಿಗೆ ಒಂದು ಬಿಳಿ ಧೋತರ ಒಂದೇ ಪದರ ಕಟ್ಟಿ. ಬಿಸಿಲು ಅದರ ಮೇಲೆ ಹರಡಿ ಮೆತ್ತಗೆ ಒಳಗೆ ಬರುತ್ತದೆ. ಮುಖದ ಇನ್ನೊಂದು ಪಕ್ಕಕ್ಕೆ ಒಂದು ಬಲ್ಬ್ ಇರಲಿ. ಹನ್ನೊಂದರ ಹೊತ್ತಿಗೆ ಸೂರ್ಯ ಮೇಲೇರಿ ಕಿಟಕಿ ಬೆಳಕು ಕಡಿಮೆಯಾದಾಗ ಆ ಬಲ್ಬೇ ಕಾಯುತ್ತದೆ. ಅದಕ್ಕೇ ಪರೀಕ್ಷಿಸಿ ನೋಡುವಾಗ 9ಕ್ಕೆ ಒಂದು ಫೋಟೋ, ಹನ್ನೊಂದೂವರೆಗೆ ಒಂದು ಫೋಟೋ ಕ್ಯಾಮೆರಾ ಆ್ಯಪ್‌ನಲ್ಲೇ ತೆಗೆಯಿರಿ. ಎರಡರಲ್ಲೂ ಎರಡೂ ಕಣ್ಣು ಸ್ಪಷ್ಟ ಇರಬೇಕು. ರಾತ್ರಿ ಕೂತು ಪರೀಕ್ಷಿಸಿದರೆ ಏನೂ ಪ್ರಯೋಜನವಿಲ್ಲ.

ಡ್ರಾಯ್ಡ್‌ಕ್ಯಾಮ್ ಮಾತ್ರ ದಯವಿಟ್ಟು ಬೇಡ. ಅದು ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್ ಕ್ಯಾಮೆರಾ ಆಗಿ ಕೂರುತ್ತದೆ. ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ ತೋರಿಸೋಕೂ ಇದೇ ದಾರಿ ಬಳಸುತ್ತಾರೆ, ಅದಕ್ಕೆ ಪರೀಕ್ಷೆಯ ಸಾಫ್ಟ್‌ವೇರ್‌ಗಳು ಇದನ್ನು ತಡೆಯುತ್ತವೆ, ಇಲ್ಲವೇ ಅನುಮಾನದಿಂದ ಗುರುತು ಹಾಕುತ್ತವೆ. ಹಿಂದೆ ಯಾವಾಗಲೋ ವಿಡಿಯೋ ರೆಕಾರ್ಡ್ ಮಾಡೋಕೆ ಒಬಿಎಸ್ ಸಾಫ್ಟ್‌ವೇರ್ ಹಾಕಿದ್ದರೂ ತೆಗೆದುಬಿಡಿ, ಅದರಲ್ಲೂ ವರ್ಚುವಲ್ ಕ್ಯಾಮೆರಾ ಇರುತ್ತದೆ. ಬ್ರೌಸರ್ ಕೆಲವು ಸಲ ಅದರ ಕ್ಯಾಮೆರಾವನ್ನೇ ಆರಿಸಿಕೊಂಡು ಕೂರುತ್ತದೆ.

ತಂಗಿ ಕನ್ನಡಕ ಹಾಕ್ತಾಳಾ?

ಸಿರುಗುಪ್ಪ ಸ್ಟುಡಿಯೋ

ಅನುಮಾನ ಪಡ್ತಾರೆ ಅನ್ನೋದು ನನಗೆ ಗೊತ್ತಿರಲಿಲ್ಲ ಅಕ್ಕಾ. ನಾನು ಬರೀ ಚಿತ್ರದ ಲೆಕ್ಕದಲ್ಲಿ ಹೇಳಿದೆ. ರಿಂಗ್ ಲೈಟ್ ಮಾತ್ರ ಬೇಡ ಅನ್ನಬೇಡಿ, ಒಳ್ಳೆ ವಸ್ತು.

ಗಂಗಾವತಿ ಮಂಜು

ಹೌದು ಅಕ್ಕಾ, ಕನ್ನಡಕ ಇದೆ. ಟೇಬಲ್ ಉತ್ತರಕ್ಕೆ ತಿರುಗಿಸಿದೆವು, ಧೋತರ ಕಟ್ಟಿದೆವು. ಮುಖ ಈಗ ಚೆನ್ನಾಗಿ ಕಾಣುತ್ತಿದೆ. ಪಕ್ಕದ ಮನೆಯವರ ರಿಂಗ್ ಲೈಟ್ ತಂದು ಲ್ಯಾಪ್‌ಟಾಪ್ ಹಿಂದೆ ಇಟ್ಟು ನೋಡಿದರೆ ಕನ್ನಡಕದ ಎರಡೂ ಗಾಜಿನಲ್ಲಿ ಬಿಳಿ ಉಂಗುರ. ಕಣ್ಣೇ ಕಾಣಲ್ಲ.

ಇನ್ನೊಂದು ವಿಚಿತ್ರ ಅಂದ್ರೆ, ಕಿಟಕಿ ಮುಚ್ಚಿ ಬರೀ ಟ್ಯೂಬ್‌ಲೈಟ್ ಹಾಕಿದಾಗ ಚಿತ್ರದಲ್ಲಿ ಕಪ್ಪು ಪಟ್ಟಿಗಳು ನಿಧಾನಕ್ಕೆ ಮೇಲಿಂದ ಕೆಳಗೆ ಇಳಿಯುತ್ತವೆ. ಬರಿಗಣ್ಣಿಗೆ ಏನೂ ಇಲ್ಲ. ಕ್ಯಾಮೆರಾ ಕೆಟ್ಟಿದೆಯಾ?

ಬಸವರಾಜಪ್ಪ, ಸಿಂಧನೂರು

ನಮ್ಮ ಹುಡುಗ ಬ್ಯಾಂಕ್ ಪರೀಕ್ಷೆಗೆ ಕಟ್ಟಿದ್ದಾನೆ, ಅದೂ ಆನ್‌ಲೈನ್ ಅಂತ ಇದೆ. ನಾವೂ ಕ್ಯಾಮೆರಾ, ಲೈಟ್ ಎಲ್ಲ ತರಬೇಕಾಗುತ್ತದಾ? ಮನೆಯಲ್ಲಿ ಕಂಪ್ಯೂಟರೇ ಇಲ್ಲ.

ಲ್ಯಾಬ್ ಅಕ್ಕ, ರಾಯಚೂರು

ಬಸವರಾಜಪ್ಪನವರೇ, ನೀವು ಏನೂ ತರಬೇಡಿ. ಬ್ಯಾಂಕಿನ ಆನ್‌ಲೈನ್ ಪರೀಕ್ಷೆ ಅಂದ್ರೆ ಕೇಂದ್ರಕ್ಕೆ ಹೋಗಿ ಅಲ್ಲಿನ ಕಂಪ್ಯೂಟರ್‌ನಲ್ಲಿ ಬರೆಯುವುದು. ಕಾಲ್ ಲೆಟರ್‌ನಲ್ಲಿ ಕೇಂದ್ರದ ವಿಳಾಸ ಇರುತ್ತದೆ, ಅದನ್ನು ನೋಡಿಕೊಳ್ಳಿ ಸಾಕು. ಇಲ್ಲಿ ಮಂಜು ಕೇಳ್ತಿರೋದು ಮನೆಯಲ್ಲೇ ಕೂತು ಬರೆಯುವ ಪರೀಕ್ಷೆ.

ಮಂಜು, ಕ್ಯಾಮೆರಾ ಚೆನ್ನಾಗೇ ಇದೆ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್. ಹಳೇ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಕಣ್ಣಿಗೆ ಗೊತ್ತಾಗಲ್ಲ. ಕ್ಯಾಮೆರಾ 60 ಹರ್ಟ್ಸ್‌ಗೆ ಸೆಟ್ ಆಗಿದ್ದರೆ ಎರಡಕ್ಕೂ ತಾಳ ತಪ್ಪಿ ಪಟ್ಟಿ ಬರುತ್ತದೆ. ವಿಂಡೋಸ್‌ನ Camera ಆ್ಯಪ್ ತೆರೆದು, ಸೆಟ್ಟಿಂಗ್ಸ್‌ನಲ್ಲಿ Video settings ಒಳಗೆ Flicker reduction ಹುಡುಕಿ. ಅದನ್ನು 50 Hz ಮಾಡಿ. ಬ್ರೌಸರ್‌ನಲ್ಲೂ ಸರಿ ಬಂತಾ ಅಂತ ಆಮೇಲೆ ನೋಡಿ. ಅಲ್ಲಿ ಪಟ್ಟಿ ಉಳಿದರೆ ಟ್ಯೂಬ್ ಆರಿಸಿ ಬೇರೆ ಒಳ್ಳೆ ಎಲ್‌ಇಡಿ ಬಲ್ಬ್ ಹಾಕುವುದೇ ಸರಿ.

ಕನ್ನಡಕಕ್ಕೆ ಹೀಗೆ ಮಾಡಿ: ಲೈಟ್ ನೇರ ಎದುರಿಗೆ ಬೇಡ. ಒಂದು ಪಕ್ಕಕ್ಕೆ ಸರಿಸಿ, ಕಣ್ಣಿಗಿಂತ ಒಂದು ಮೊಳ ಎತ್ತರಕ್ಕೆ ಏರಿಸಿ. ಗೋಡೆ ಬಿಳಿ ಇದ್ದರೆ ಲೈಟನ್ನು ಗೋಡೆಗೇ ತಿರುಗಿಸಿ, ಗೋಡೆಯಿಂದ ಬರುವ ಬೆಳಕು ಸಾಕು. ಪರದೆಯ ಬ್ರೈಟ್‌ನೆಸ್ ಸ್ವಲ್ಪ ಇಳಿಸಿ. ಗಾಜಿನಲ್ಲಿ ಪರದೆಯೂ ಹೊಳೆಯುತ್ತದೆ.

ಇನ್ನು ಕೋನ. ಲ್ಯಾಪ್‌ಟಾಪ್ ಎಷ್ಟು ಎತ್ತರದಲ್ಲಿದೆ? ಅವಳು ಲೆಕ್ಕ ಮಾಡೋಕೆ ಹಾಳೆ ಬಳಸಬಹುದಾ?

ಗಂಗಾವತಿ ಮಂಜು

ಲ್ಯಾಪ್‌ಟಾಪ್ ಟೇಬಲ್ ಮೇಲೆ ಹಾಗೇ ಇದೆ. ಚಿತ್ರದಲ್ಲಿ ಮೇಲೆ ಫ್ಯಾನ್ ಕಾಣುತ್ತದೆ. ಹಾಳೆ ಬಳಸಬಹುದು, ಮೊದಲು ಎರಡೂ ಕಡೆ ಕ್ಯಾಮೆರಾಕ್ಕೆ ತೋರಿಸಬೇಕಂತೆ.

ಲ್ಯಾಬ್ ಅಕ್ಕ, ರಾಯಚೂರು

ಫ್ಯಾನ್ ಕಾಣುತ್ತದೆ ಅಂದ್ರೆ ಕ್ಯಾಮೆರಾ ಕೆಳಗಿಂದ ಗದ್ದ ನೋಡುತ್ತಿದೆ ಅಂತ ಅರ್ಥ. ಹೀಗಿದ್ದಾಗ ಅವಳು ಹಾಳೆಯ ಮೇಲೆ ಬಗ್ಗಿದರೆ ಕ್ಯಾಮೆರಾಕ್ಕೆ ಬರೀ ತಲೆ ಕೂದಲು. ಮಾಕ್ ಟೆಸ್ಟ್‌ನಲ್ಲಿ ಎಚ್ಚರಿಕೆ ಬಂದಿದ್ದಕ್ಕೆ ಇದೂ ಕಾರಣ ಇರಬಹುದು. ಯಾವ ಹೊತ್ತಿಗೆ ಬಂತು ಅಂತ ಅವಳನ್ನು ಕೇಳಿ, ಬರೆಯೋವಾಗಲೇ ಬಂದಿದ್ದರೆ ಖಾತ್ರಿ.

ಎರಡು ಇಟ್ಟಿಗೆ, ಮೇಲೊಂದು ಹಲಗೆ, ಅದರ ಮೇಲೆ ಲ್ಯಾಪ್‌ಟಾಪ್ ಇಡಿ. ಕ್ಯಾಮೆರಾ ಹುಬ್ಬಿನ ಮಟ್ಟಕ್ಕೆ ಬರಲಿ. ದಿಂಬು, ಹಾಸಿಗೆ ಮೇಲೆ ಬೇಡ, ಕೆಳಗಿನ ಗಾಳಿ ಕಿಂಡಿ ಮುಚ್ಚಿ ನಮ್ಮ ಬಿಸಿಲಿಗೆ ಅದು ಕಾದುಹೋಗುತ್ತದೆ. ಪರದೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ಬಗ್ಗಿಸಿ. ಅವಳು ಒಂದು ತೋಳಿನ ದೂರದಲ್ಲಿ ಕೂತಾಗ ಚಿತ್ರದಲ್ಲಿ ಎರಡೂ ಭುಜ ಬರಬೇಕು, ತಲೆಯ ಮೇಲೆ ನಾಲ್ಕು ಬೆರಳು ಜಾಗ ಇರಬೇಕು. ಹಾಳೆ ತೊಡೆಯ ಮೇಲಾಗಲಿ ಪಕ್ಕದಲ್ಲಾಗಲಿ ಬೇಡ, ಲ್ಯಾಪ್‌ಟಾಪ್‌ನ ಬುಡದಲ್ಲೇ ಇರಲಿ. ಅಲ್ಲಿ ಬರೆಯೋವಾಗ ಕಣ್ಣು ಕೆಳಗಿಳಿದರೂ ಮುಖ ಚೌಕಟ್ಟಿನಲ್ಲೇ ಉಳಿಯುತ್ತದೆ. ಎತ್ತರದಲ್ಲಿ ಟೈಪ್ ಮಾಡೋದು ಕಷ್ಟ ಆದರೆ ಬೇರೆ ಕೀಬೋರ್ಡ್ ಹಚ್ಚಿ. ಬರೀ ಆಯ್ಕೆ ಪ್ರಶ್ನೆಗಳಿದ್ದರೆ ಮೌಸ್ ಒಂದೇ ಸಾಕು.

ಹಿಂದಿನ ಗೋಡೆಯಲ್ಲಿ ಫೋಟೋ ಇದ್ದರೆ ಆ ಮೂರು ತಾಸು ತೆಗೆದಿಡಿ. ದೇವರ ಫೋಟೋ ಆಗಲಿ, ಅಜ್ಜನ ಫೋಟೋ ಆಗಲಿ, ಸಾಫ್ಟ್‌ವೇರ್‌ಗೆ ಅದೂ ಒಂದು ಮುಖವೇ. ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ ಅಂತ ಎಣಿಸಿಬಿಡಬಹುದು.

ರೇಣುಕಾ, ಕೊಪ್ಪಳ

ನಡುವೆ ಬಂದಿದ್ದಕ್ಕೆ ಕ್ಷಮಿಸಿ, ನನ್ನ ಕಷ್ಟ ಬೇರೆ. Camera ಆ್ಯಪ್‌ನಲ್ಲಿ ನನ್ನ ಮುಖ ಬರುತ್ತದೆ, ಪರೀಕ್ಷೆಯ ಪುಟ ತೆರೆದರೆ ಕಪ್ಪು. ನಿನ್ನೆ ಮಾಕ್ ಟೆಸ್ಟ್‌ನಲ್ಲಿ ಇದೇ ಕ್ರೋಮ್‌ನಲ್ಲಿ ಬಂದಿತ್ತು. ಅಣ್ಣ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡು ಅಂತಾನೆ.

ಲ್ಯಾಬ್ ಅಕ್ಕ, ರಾಯಚೂರು

ಫಾರ್ಮ್ಯಾಟ್ ಮಾಡಬೇಡಮ್ಮ. ಪುಟದಲ್ಲಿ ಏನಾದರೂ ತಪ್ಪಿನ ಹೆಸರು ತೋರಿಸುತ್ತಿದೆಯಾ? `NotAllowedError` ಅಂತಿದ್ದರೆ ಅನುಮತಿ ಸಿಕ್ಕಿಲ್ಲ. `NotReadableError` ಅಂತಿದ್ದರೆ ಅನುಮತಿ ಇದೆ, ಆದರೆ ಕ್ಯಾಮೆರಾ ಬೇರೆ ಯಾರದೋ ಕೈಯಲ್ಲಿದೆ.

ರೇಣುಕಾ, ಕೊಪ್ಪಳ

NotAllowedError ಅಂತಲೇ ಇದೆ ಅಕ್ಕಾ.

ಲ್ಯಾಬ್ ಅಕ್ಕ, ರಾಯಚೂರು

ಹಾಗಾದರೆ ಮಾಕ್ ಟೆಸ್ಟ್‌ನ ವಿಳಾಸ, ಇವತ್ತಿನ ಪುಟದ ವಿಳಾಸ ಎರಡನ್ನೂ ಹೋಲಿಸಿ ನೋಡು. ಬೇರೆ ಬೇರೆ ಇರಬೇಕು. ಕ್ರೋಮ್ ಅನುಮತಿಯನ್ನು ವಿಳಾಸಕ್ಕೆ ಕೊಡುತ್ತದೆ, ಒಂದು ವಿಳಾಸಕ್ಕೆ ಕೊಟ್ಟಿದ್ದು ಇನ್ನೊಂದಕ್ಕೆ ನಡೆಯಲ್ಲ. ಹೊಸ ಪುಟ ಕೇಳಿದಾಗ ಆತುರದಲ್ಲಿ ಬೇಡ ಅಂತ ಒತ್ತಿದ್ದರೂ ಹೀಗೇ ಆಗುತ್ತದೆ. ಕ್ರೋಮ್‌ನ ವಿಳಾಸದ ಜಾಗದಲ್ಲಿ ಇದನ್ನು ಹಾಕು:

```
chrome://settings/content/camera
```

ಅಲ್ಲಿ ತಡೆದ ಪಟ್ಟಿಯಲ್ಲಿ ಪರೀಕ್ಷೆಯ ವಿಳಾಸ ಇದ್ದರೆ ತೆಗೆದುಹಾಕು. ಪುಟ ಮತ್ತೆ ತೆರೆದಾಗ ಕೇಳುತ್ತದೆ. ಆಗ "Allow while visiting the site" ಒತ್ತು. "Allow this time" ಒತ್ತಿದರೆ ಪುಟ ಮುಚ್ಚಿ ಮತ್ತೆ ಬಂದಾಗ ಪುನಃ ಕೇಳುತ್ತದೆ. ಪರೀಕ್ಷೆ ನಡುವೆ ನೆಟ್ ಹೋಗಿ ವಾಪಸ್ ಬರುವಾಗ ಆ ಗಡಿಬಿಡಿ ಬೇಡ. ಮೈಕ್‌ಗೂ ಹೀಗೇ ಮಾಡು.

ಅದೂ ಆಗದಿದ್ದರೆ ಅನುಮತಿ ವಿಂಡೋಸ್‌ನಲ್ಲಿ ಮುಚ್ಚಿರಬಹುದು. Settings ಒಳಗೆ Privacy & security, ಅಲ್ಲಿ Camera. ಕೆಳಗೆ "Let desktop apps access your camera" ಅಂತಿದೆ, ಬ್ರೌಸರ್‌ಗಳು ಅದರ ಲೆಕ್ಕಕ್ಕೇ ಬರುತ್ತವೆ. Camera ಆ್ಯಪ್ ಆ ಲೆಕ್ಕಕ್ಕೆ ಬರಲ್ಲ, ಅದಕ್ಕೇ ಅಲ್ಲಿ ಚಿತ್ರ ಬಂದು ಇಲ್ಲಿ ಬರದೇ ಇರಬಹುದು. ಅದೇ ಪುಟದಲ್ಲಿ ಯಾವ ಆ್ಯಪ್ ಮುಂದಾದರೂ "Currently in use" ಅಂತಿದ್ದರೆ ಅದೇ ಕ್ಯಾಮೆರಾ ಹಿಡಿದುಕೊಂಡಿದೆ. ಝೂಮ್, ಟೀಮ್ಸ್, ಇನ್ನೊಂದು ಟ್ಯಾಬ್‌ನ ಮೀಟ್, ಎಲ್ಲ ಪೂರ್ತಿ ಮುಚ್ಚಬೇಕು.

ರೇಣುಕಾ, ಕೊಪ್ಪಳ

ವಿಳಾಸ ಬೇರೆಯೇ ಇತ್ತು, ತಡೆದ ಪಟ್ಟಿಯಲ್ಲಿ ಕೂತಿತ್ತು. ಬಂತು ಅಕ್ಕಾ, ಮುಖ ಬಂತು! ಪರದೆ ಹಂಚೋಕೆ ಮಾತ್ರ ಪ್ರತಿ ಸಲ ಕೇಳುತ್ತದೆ, ಅದನ್ನೂ ಉಳಿಸಿಡಬಹುದಾ?

ಲ್ಯಾಬ್ ಅಕ್ಕ, ರಾಯಚೂರು

ಅದನ್ನು ಉಳಿಸಿಡೋಕೆ ಬರಲ್ಲ, ಪ್ರತಿ ಸಲ ಕೇಳಿಯೇ ಕೇಳುತ್ತದೆ. ಕೇಳಿದಾಗ ಒಂದು ಟ್ಯಾಬ್ ಅಲ್ಲ, ಪೂರ್ತಿ ಪರದೆ ಆರಿಸು. ಮಂಜು, ನಿಮ್ಮ ತಂಗಿಗೂ ಇದನ್ನು ಹೇಳಿ.

ಬಳ್ಳಾರಿ ನೆಟ್‌ವರ್ಕ್

ಬ್ಯಾಕಪ್ ಬಗ್ಗೆ ಯಾರೂ ಹೇಳಲಿಲ್ಲ. ಮಂಜು, ಚಿಕ್ಕಪ್ಪನ ಮಗನ ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಲಾಗಿನ್ ಆಗಿ ಪಕ್ಕದಲ್ಲೇ ತೆರೆದಿಡಿ. ಒಂದು ಹೋದ ತಕ್ಷಣ ಇನ್ನೊಂದಕ್ಕೆ ತಿರುಗಿದರಾಯ್ತು. ಫೋನ್‌ನ ಹಾಟ್‌ಸ್ಪಾಟ್ ಆನ್ ಇರಲಿ. ಆಫೀಸ್ ಲ್ಯಾಪ್‌ಟಾಪ್ ಬೇಡ, ಅದರಲ್ಲಿ ಅಡ್ಮಿನ್ ಅನುಮತಿ ಇರಲ್ಲ, ವಿಪಿಎನ್ ಬೇರೆ ಇರುತ್ತದೆ. ಪರೀಕ್ಷೆಯ ಸಾಫ್ಟ್‌ವೇರ್ ಹಾಕೋಕೇ ಬಿಡಲ್ಲ.

ಲ್ಯಾಬ್ ಅಕ್ಕ, ರಾಯಚೂರು

ಆಫೀಸ್ ಲ್ಯಾಪ್‌ಟಾಪ್ ಬಗ್ಗೆ ನೂರಕ್ಕೆ ನೂರು ಸರಿ. ಆದರೆ ಲಾಗಿನ್ ಆಗಿ ಪಕ್ಕದಲ್ಲಿ ತೆರೆದಿಡುವುದು ಅಪಾಯ. ಬಹಳ ಕಡೆ ಒಂದೇ ಖಾತೆ ಎರಡು ಕಡೆ ತೆರೆದರೆ ಮೊದಲಿನದು ತಾನಾಗೇ ಹೊರಗೆ ಬೀಳುತ್ತದೆ. ಮೇಲಾಗಿ ಶುರುವಿನಲ್ಲಿ ಕೋಣೆ ತೋರಿಸುವಾಗ ಎರಡನೇ ಪರದೆ ಕಂಡರೆ ಅಲ್ಲೇ ನಿಲ್ಲಿಸುತ್ತಾರೆ.

ಹೀಗೆ ಮಾಡಿ: ಶನಿವಾರ ಆ ಲ್ಯಾಪ್‌ಟಾಪ್‌ನಲ್ಲಿ ಅಪ್‌ಡೇಟ್ ಎಲ್ಲ ಮುಗಿಸಿ. ತಂಗಿಯ ಖಾತೆಯಲ್ಲೇ ಮಾಕ್ ಟೆಸ್ಟ್ ತೆರೆದು ಕ್ಯಾಮೆರಾ, ಮೈಕ್ ಅನುಮತಿ ಕೊಟ್ಟು, ಮುಖ ಕಾಣುವುದನ್ನು ನೋಡಿ ಲಾಗೌಟ್ ಆಗಿ. ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡಿ, ಪಕ್ಕದ ಕೋಣೆಯಲ್ಲಿಡಿ. ಮೊದಲು ನಿಯಮದ ಮೇಲ್ ಓದಿ, ನಡುವೆ ಯಂತ್ರ ಬದಲಿಸೋಕೆ ಬಿಡ್ತಾರಾ ಅಂತ.

ಕರೆಂಟ್ ಹೋದಾಗ ಎಲ್ಲರೂ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ ಅಂತ ಧೈರ್ಯವಾಗಿರುತ್ತಾರೆ. ಆದರೆ ಮೊದಲು ಹೋಗುವುದು ನೆಟ್ ಪೆಟ್ಟಿಗೆ ಮತ್ತು ಲೈಟು. ನೆಟ್ ಪೆಟ್ಟಿಗೆಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಸಿಗುತ್ತದೆ, ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿ ತನ್ನಿ. ಮುಖಕ್ಕೆ ಹಾಕುವ ಬಲ್ಬ್ ಒಳಗೇ ಬ್ಯಾಟರಿ ಇರುವ ಇನ್ವರ್ಟರ್ ಬಲ್ಬೇ ಇರಲಿ, ಸಾಮಾನ್ಯ ಹೋಲ್ಡರ್‌ಗೆ ಕೂರುತ್ತದೆ.

ಗಂಗಾವತಿ ಮಂಜು

ಮೇಲ್ ಓದಿದೆವು. ಸಂಪರ್ಕ ಕಡಿದರೆ 15 ನಿಮಿಷದೊಳಗೆ ಅದೇ ಅಥವಾ ಬೇರೆ ಕಂಪ್ಯೂಟರ್‌ನಿಂದ ಮತ್ತೆ ಲಾಗಿನ್ ಆಗಬಹುದು, ಗಡಿಯಾರ ಮಾತ್ರ ನಿಲ್ಲಲ್ಲ ಅಂತಿದೆ.

ಮಿನಿ ಯುಪಿಎಸ್, 9 ವಾಟಿನ ಇನ್ವರ್ಟರ್ ಬಲ್ಬ್ ತಂದೆ. ಪರೀಕ್ಷಿಸೋಣ ಅಂತ ಮನೆಯ ಮೇನ್ ಸ್ವಿಚ್ ಇಳಿಸಿದೆ. ನೆಟ್ ನಡೆಯಿತು, ಲ್ಯಾಪ್‌ಟಾಪ್ ನಡೆಯಿತು. ಬಲ್ಬ್ ಹತ್ತಲೇ ಇಲ್ಲ. ಅಂಗಡಿಗೆ ವಾಪಸ್ ಕೊಡಲಾ?

ಲ್ಯಾಬ್ ಅಕ್ಕ, ರಾಯಚೂರು

ಕೊಡಬೇಡಿ. ಆ ಬಲ್ಬ್‌ಗೆ ಒಂದು ಗುಣ ಇದೆ. ಕರೆಂಟ್ ಹೋಯಿತಾ, ಇಲ್ಲ ನೀವೇ ಸ್ವಿಚ್ ಆರಿಸಿದಿರಾ ಅಂತ ಅದು ತಿಳಿಯಬೇಕಲ್ವಾ? ತನ್ನ ಎರಡು ತಂತಿಗಳ ನಡುವೆ ಹೊರಗೆ ಎಲ್ಲಾದರೂ ಸುತ್ತು ಪೂರ್ಣ ಆಗಿದೆಯಾ ಅಂತ ನೋಡುತ್ತದೆ. ನಿಜವಾಗಿ ಕರೆಂಟ್ ಹೋದಾಗ ಓಣಿಯ ಮನೆಗಳ ಫ್ಯಾನು, ಫ್ರಿಜ್ ಎಲ್ಲ ಅದೇ ಲೈನಿನಲ್ಲಿ ಇರುತ್ತವೆ, ಸುತ್ತು ಪೂರ್ಣ, ಬಲ್ಬ್ ಹತ್ತುತ್ತದೆ. ಮೇನ್ ಇಳಿಸಿದರೆ ನಿಮ್ಮ ಮನೆ ಬೇರೆಯಾಗುತ್ತದೆ. ಮನೆಯೊಳಗೆ ಬೇರೇನೂ ಆನ್ ಇಲ್ಲದಿದ್ದರೆ ಸುತ್ತು ಕಡಿದಿರುತ್ತದೆ, ಸ್ವಿಚ್ ಆಫ್ ಅಂತ ಅದು ಸುಮ್ನಾಗುತ್ತದೆ.

ಈಗ ಕೋಣೆಯ ಫ್ಯಾನ್ ಸ್ವಿಚ್ ಆನ್ ಇಟ್ಟು, ಆಮೇಲೆ ಮೇನ್ ಇಳಿಸಿ ನೋಡಿ.

ಗಂಗಾವತಿ ಮಂಜು

ಹತ್ತಿತು! ಸ್ವಲ್ಪ ಮಂದ ಇದೆ, ಆದರೆ ಕಿಟಕಿ ಬೆಳಕೂ ಇರುವುದರಿಂದ ಕಣ್ಣು ಕಾಣುತ್ತದೆ. ಕರೆಂಟ್ ಹೋದ ಕ್ಷಣ ಚಿತ್ರ ಒಮ್ಮೆ ಕಪ್ಪಾಗಿ ತಾನೇ ಸರಿಹೋಯಿತು.

ಬಳ್ಳಾರಿ ನೆಟ್‌ವರ್ಕ್

ಲಾಗಿನ್ ವಿಷಯ ಒಪ್ಪುತ್ತೇನೆ ಅಕ್ಕಾ. ಆದರೆ ಹಾಟ್‌ಸ್ಪಾಟ್ ಬಿಡಬೇಡಿ. ಓಣಿಯ ಕರೆಂಟ್ ಪೂರ್ತಿ ಹೋದರೆ ಕೆಲವು ಕಡೆ ಫೈಬರ್ ಕೂಡ ಸತ್ತುಹೋಗುತ್ತದೆ. ಮನೆಯ ಯುಪಿಎಸ್ ಆಗ ಏನೂ ಮಾಡಲ್ಲ. ವಿಡಿಯೋ ಸೆಕೆಂಡಿಗೆ 500 ಕಿಲೋಬಿಟ್ ಕಳಿಸಿದರೂ ಮೂರು ತಾಸಿಗೆ ಹತ್ತಿರ ಹತ್ತಿರ 675 ಎಂಬಿ. ಪರದೆಯನ್ನೂ ಕಳಿಸಿದರೆ ಇನ್ನೂ ಜಾಸ್ತಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದರೆ ಅವತ್ತು ಬೆಳಿಗ್ಗೆ ಯಾರೂ ರೀಲ್ಸ್ ನೋಡಬೇಡಿ. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ನೋಡಿ.

ಲ್ಯಾಬ್ ಅಕ್ಕ, ರಾಯಚೂರು

ಲೆಕ್ಕ ಸರಿ ಇದೆ. ನನ್ನ ಅಳುಕು ಫೋನ್ ಎಲ್ಲಿರುತ್ತದೆ ಅನ್ನೋದು. ಕೋಣೆಯೊಳಗೆ ಫೋನ್ ಇದ್ದರೆ ನಿಯಮ ಮುರಿದ ಹಾಗೆ. ಹೊರಗಿನ ಕೋಣೆಯಲ್ಲಿ ಮಂಜು ಕೈಯಲ್ಲಿದ್ದರೆ ಸಿಗ್ನಲ್ ಬರಬೇಕು, ಲ್ಯಾಪ್‌ಟಾಪ್ ಅದಕ್ಕೆ ಮೊದಲೇ ಒಮ್ಮೆ ಜೋಡಿಸಿರಬೇಕು. ಇನ್ನೊಂದು, ನೆಟ್ ಬದಲಾದರೆ ಐಪಿ ವಿಳಾಸವೂ ಬದಲಾಗುತ್ತದೆ. ಕೆಲವು ಸಾಫ್ಟ್‌ವೇರ್ ಅದನ್ನು ಸಹಿಸುತ್ತವೆ, ಕೆಲವು ಹೊರಹಾಕಿ ಮತ್ತೆ ಗುರುತಿನ ಚೀಟಿ ಕೇಳುತ್ತವೆ.

ಬಳ್ಳಾರಿ ನೆಟ್‌ವರ್ಕ್

ಹೊರಹಾಕಿದರೂ 15 ನಿಮಿಷ ಇದೆಯಲ್ಲ. ನೆಟ್ಟೇ ಇಲ್ಲದೆ ಕೂರುವುದಕ್ಕಿಂತ ಅದು ವಾಸಿ.

ಲ್ಯಾಬ್ ಅಕ್ಕ, ರಾಯಚೂರು

ಅದೂ ನಿಜ. ಆದರೂ ಅವರ ಸಹಾಯವಾಣಿಗೆ ಮೊದಲೇ ಬರೆದು ಉತ್ತರ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಆ ಉತ್ತರ ಮುದ್ರಿಸಿ ಇಟ್ಟುಕೊಳ್ಳಿ.

ಗಂಗಾವತಿ ಮಂಜು

ಬರೆದಿದ್ದೇನೆ ಅಕ್ಕಾ, ಉತ್ತರ ಇನ್ನೂ ಬಂದಿಲ್ಲ. ಇವತ್ತು ಬೆಳಿಗ್ಗೆ 9ಕ್ಕೆ ಮತ್ತೆ ಮಾಕ್ ಟೆಸ್ಟ್ ಬರೆದಳು. ಇಟ್ಟಿಗೆ, ಹಲಗೆ, ಧೋತರ, ಪಕ್ಕದ ಬಲ್ಬ್ ಎಲ್ಲ ಇತ್ತು. ಮುಖದ ಎಚ್ಚರಿಕೆ ಒಮ್ಮೆಯೂ ಬರಲಿಲ್ಲ. ಹಿಂದೆ ಬಂದಿದ್ದು ಹಾಳೆ ಮೇಲೆ ಬಗ್ಗಿದಾಗಲೇ ಜಾಸ್ತಿ ಅಂತ ಅವಳೂ ಹೇಳಿದಳು. ಆದರೆ ಫ್ಯಾನ್ ಗಾಳಿಗೆ ಧೋತರ ಅಲ್ಲಾಡಿ, ಮುಖದ ಮೇಲೆ ಬೆಳಕು ಬಂದು ಹೋಗಿ ಮಾಡುತ್ತದೆ. ಫ್ಯಾನ್ ಆರಿಸಿದರೆ ಈ ಸೆಖೆಯಲ್ಲಿ ಕೂರೋಕಾಗಲ್ಲ.

ಸಿರುಗುಪ್ಪ ಸ್ಟುಡಿಯೋ

ಧೋತರದ ಕೆಳಗಿನ ಅಂಚಿಗೆ ಒಂದು ಕೋಲು ಸೇರಿಸಿ ಎರಡೂ ತುದಿ ಕಿಟಕಿಯ ಸರಳಿಗೆ ಬಿಗಿದು ಕಟ್ಟಿ ಮಂಜು. ಬಟ್ಟೆ ಬಿಗಿಯಾಗಿದ್ದರೆ ಅಲ್ಲಾಡಲ್ಲ. ಕಟ್ಟಿದ ಮೇಲೆ ಒಂದು ಫೋಟೋ ತೆಗೆದು ಹಾಕಿ, ಬೆಳಕು ಹೆಂಗೆ ಬೀಳ್ತಿದೆ ನೋಡಿ ಹೇಳ್ತೀನಿ.